ಹತ್ತು ವರ್ಷದ ಹಿಂದೆ ಕೊಂಡ ಸೈಟು ನಿಜಕ್ಕೂ ಎಷ್ಟು ಬೆಳೆದಿದೆ?

ದಾವಣಗೆರೆಯಲ್ಲಿ ಸೈಟಿನ ಮಾತು ಬಂದಾಗಲೆಲ್ಲ ಎರಡು ಅಂಕಿಗಳಷ್ಟೇ ಕೇಳಿಬರುತ್ತವೆ: ಕೊಂಡ ಬೆಲೆ ಮತ್ತು ಈಗಿನ ಬೆಲೆ. ಶಾಮನೂರಿನ ಕಡೆ 2015ರಲ್ಲಿ ಒಂಬತ್ತು ಲಕ್ಷಕ್ಕೆ ಕೊಂಡ ಮೂವತ್ತು-ನಲವತ್ತರ ಸೈಟು 2025ರಲ್ಲಿ ಇಪ್ಪತ್ನಾಲ್ಕು ಲಕ್ಷಕ್ಕೆ ಮಾರಾಟವಾಯಿತು ಎಂದಿಟ್ಟುಕೊಳ್ಳೋಣ. ಹದಿನೈದು ಲಕ್ಷ ಲಾಭ, ಅಂದರೆ ಶೇ. 167, ಹತ್ತು ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ ಸುಮಾರು ಶೇ. 16.7. ಹೀಗೆ ಲೆಕ್ಕ ಹಾಕಿದವರು ಬ್ಯಾಂಕಿನ ಠೇವಣಿಯ ಬಡ್ಡಿಯನ್ನು ಪಕ್ಕದಲ್ಲಿಟ್ಟು ನೋಡಿ, ಸೈಟು ಅದರ ಎರಡು ಪಟ್ಟು ದುಡಿದಿದೆ ಎಂದು ನಂಬುತ್ತಾರೆ. ಆ ನಂಬಿಕೆ ಎಷ್ಟು ನಿಜ ಎಂಬುದನ್ನು ಇದೇ ಸೈಟಿನ ಉದಾಹರಣೆಯಲ್ಲಿ ಹಂತ ಹಂತವಾಗಿ ನೋಡೋಣ. ಇಲ್ಲಿನ ಬೆಲೆ ಮತ್ತು ಖರ್ಚುಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಓದುಗರು ತಮ್ಮ ಕಾಗದಪತ್ರಗಳಲ್ಲಿರುವ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಬಹುದು.

ಮೊದಲ ತಪ್ಪು ಇರುವುದು ವರ್ಷಗಳಿಂದ ಭಾಗಿಸುವುದರಲ್ಲೇ. ಠೇವಣಿಯ ಬಡ್ಡಿ ವರ್ಷವರ್ಷವೂ ಅಸಲಿಗೆ ಸೇರಿ, ಮುಂದಿನ ವರ್ಷ ಆ ಬಡ್ಡಿಗೂ ಬಡ್ಡಿ ಬರುತ್ತದೆ. ಸೈಟಿನ ಬೆಲೆಯೂ ಹಿಂದಿನ ವರ್ಷದ ಬೆಲೆಯ ಮೇಲೆಯೇ ಏರುತ್ತದೆ. ಆದ್ದರಿಂದ ಚಕ್ರಬಡ್ಡಿಯ ದರವನ್ನು ಚಕ್ರಬಡ್ಡಿಯ ದರದೊಡನೆಯೇ ಹೋಲಿಸಬೇಕು. ಸಿಎಜಿಆರ್ ಎಂದು ಕರೆಯುವ ವಾರ್ಷಿಕ ಚಕ್ರಬೆಳವಣಿಗೆಯ ದರ ಕೇಳುವ ಪ್ರಶ್ನೆ ಸರಳವಾದದ್ದು: ಒಂಬತ್ತು ಲಕ್ಷವನ್ನು ಯಾವ ದರದ ಚಕ್ರಬಡ್ಡಿಗೆ ಇಟ್ಟಿದ್ದರೆ ಅದು ಹತ್ತು ವರ್ಷದಲ್ಲಿ ಇಪ್ಪತ್ನಾಲ್ಕು ಲಕ್ಷವಾಗುತ್ತಿತ್ತು? ಕಂಪ್ಯೂಟರಿನ ಅಥವಾ ಮೊಬೈಲಿನ ಶೀಟಿನಲ್ಲಿ ಹೀಗೆ ಬರೆದರೆ ಉತ್ತರ ಸಿಗುತ್ತದೆ:

```
=(2400000/900000)^(1/10)-1
```

ಉತ್ತರ ಶೇ. 10.3. ಒಂದು ರೂಪಾಯಿ ಖರ್ಚನ್ನೂ ಕಳೆಯುವ ಮೊದಲೇ 16.7 ಇದ್ದದ್ದು 10.3ಕ್ಕೆ ಇಳಿಯಿತು.

ಈಗ ಕೊಂಡ ದಿನಕ್ಕೆ ಬರೋಣ. ಅಂದು ಕೈಬಿಟ್ಟ ಹಣ ಒಂಬತ್ತು ಲಕ್ಷ ಮಾತ್ರವಲ್ಲ. ನೋಂದಣಿಗೆ ಬೆಲೆಯ ಶೇ. 5ರಷ್ಟು ಮುದ್ರಾಂಕ ಶುಲ್ಕ, ಅಂದರೆ 45,000 ರೂಪಾಯಿ. ಆ ಶುಲ್ಕದ ಮೇಲೆ ಶೇ. 10ರ ಸೆಸ್ 4,500. ನಗರದ ಎಲ್ಲೆಯೊಳಗೆ ಅದೇ ಶುಲ್ಕದ ಮೇಲೆ ಶೇ. 2ರ ಸರ್‌ಚಾರ್ಜ್ 900. ನೋಂದಣಿ ಶುಲ್ಕ ಬೆಲೆಯ ಶೇ. 1, ಅಂದರೆ 9,000. ಒಟ್ಟು 59,400, ಬೆಲೆಯ ಶೇ. 6.6. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿಸಿರುವುದರಿಂದ ಈಗ ಕೊಳ್ಳುವವರು ಈ ಬಾಬತ್ತನ್ನು ಇನ್ನೂ ಹೆಚ್ಚಾಗಿ ಹಿಡಿಯಬೇಕಾಗುತ್ತದೆ. ಇದರ ಮೇಲೆ ಸೈಟು ತೋರಿಸಿದ ದಲ್ಲಾಳಿಗೆ ಶೇ. 2ರಂತೆ 18,000. ಪತ್ರ ಬರಹಗಾರರ ಶುಲ್ಕ, ವಕೀಲರಿಂದ ಮೂಲಪತ್ರಗಳ ಪರಿಶೀಲನೆ, ಋಣಭಾರ ಪತ್ರ, ಖಾತೆ ಬದಲಾವಣೆ ಎಲ್ಲ ಸೇರಿ 12,600 ಎಂದಿಟ್ಟುಕೊಳ್ಳೋಣ. ಹೀಗೆ ಸೈಟು ನಿಮ್ಮ ಹೆಸರಿಗೆ ಬರುವ ಹೊತ್ತಿಗೆ 9,90,000 ರೂಪಾಯಿ ಹೋಗಿರುತ್ತದೆ. ಬೆಲೆಯ ಮೇಲೆ ಸರಿಯಾಗಿ ಶೇ. 10 ಹೆಚ್ಚು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹಳೆಯ ಸೈಟುಗಳ ಲೆಕ್ಕ ಅತಿ ಹೆಚ್ಚು ಕೆಡುವುದು ಇದರಿಂದಲೇ. ಕ್ರಯಪತ್ರದಲ್ಲಿ ಮಾರ್ಗಸೂಚಿ ದರದಷ್ಟು ಮೊತ್ತವನ್ನು ಮಾತ್ರ ಕಾಣಿಸಿ, ಉಳಿದದ್ದನ್ನು ನಗದಾಗಿ ಕೊಡುವ ಕಾನೂನುಬಾಹಿರ ರೂಢಿ ಬಹಳ ಕಾಲ ನಡೆದುಕೊಂಡು ಬಂದಿದೆ. ಒಂಬತ್ತು ಲಕ್ಷ ಕೊಟ್ಟ ಸೈಟಿನ ಪತ್ರದಲ್ಲಿ ಆರು ಲಕ್ಷ ಎಂದಷ್ಟೇ ಇದ್ದರೆ, ವರ್ಷಗಳ ನಂತರ ಬೀರುವಿನಿಂದ ಪತ್ರ ತೆಗೆದು ನೋಡುವ ಮಕ್ಕಳಿಗೆ ಆರು ಲಕ್ಷ ಇಪ್ಪತ್ನಾಲ್ಕಾದಂತೆ, ಅಂದರೆ ವರ್ಷಕ್ಕೆ ಶೇ. 14.9ರಂತೆ ಬೆಳೆದಂತೆ ಕಾಣುತ್ತದೆ. ಸೈಟು ಎಷ್ಟು ಬೆಳೆಯಿತು ಎಂದು ತಿಳಿಯಬೇಕಾದರೆ ನಿಜವಾಗಿ ಕೈಬಿಟ್ಟ ಹಣವನ್ನೇ ಹಿಡಿಯಬೇಕು. ಆದರೆ ಮಾರುವಾಗ ತೆರಿಗೆಯ ಲೆಕ್ಕದಲ್ಲಿ ನಿಲ್ಲುವುದು ದಾಖಲೆಯಲ್ಲಿರುವ ಮೊತ್ತ ಮಾತ್ರ. ಕಾಣಿಸದೆ ಕೊಟ್ಟ ಮೂರು ಲಕ್ಷ ಆ ದಿನ ಲಾಭವೆಂದೇ ಪರಿಗಣಿತವಾಗಿ, ಅದಕ್ಕೂ ತೆರಿಗೆ ಬೀಳುತ್ತದೆ.

ಮಾರುವ ದಿನದ ಲೆಕ್ಕ ಇದಕ್ಕಿಂತ ಚಿಕ್ಕದು. ಮುದ್ರಾಂಕ ಮತ್ತು ನೋಂದಣಿಯ ಖರ್ಚು ರೂಢಿಯಂತೆ ಕೊಳ್ಳುವವರದು. ಮಾರುವವರಿಗೆ ಬೀಳುವುದು ದಲ್ಲಾಳಿಯ ಕಮಿಷನ್ ಮತ್ತು ಒಂದಿಷ್ಟು ಕಾಗದಪತ್ರದ ವೆಚ್ಚ. ಶೇ. 2ರಂತೆ ಕಮಿಷನ್ 48,000, ಕಾಗದಪತ್ರಕ್ಕೆ 2,000 ಹೋದರೆ ಕೈಗೆ ಬರುವುದು 23,50,000. ಈಗ 9,90,000 ಹೋಗಿ 23,50,000 ಬಂದಂತಾಯಿತು. ಹಿಂದಿನ ಸೂತ್ರದಲ್ಲೇ ಈ ಎರಡು ಅಂಕಿಗಳನ್ನು ಇಟ್ಟರೆ ದರ ಶೇ. 9.03.

ಹೋದ ಖರ್ಚು ದೊಡ್ಡದಾಗಿ ಕಂಡರೂ ದರ ಇಳಿದದ್ದು ಸುಮಾರು ಒಂದೂಕಾಲು ಅಂಶ ಮಾತ್ರ. ಇದಕ್ಕೆ ಕಾರಣ ಹತ್ತು ವರ್ಷದ ಅವಧಿ. ಕೊಳ್ಳುವಾಗಿನ ಶೇ. 10 ಮತ್ತು ಮಾರುವಾಗಿನ ಶೇ. 2 ಒಮ್ಮೆ ಮಾತ್ರ ಬರುವ ಖರ್ಚುಗಳು; ಸೈಟನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರೋ ಅಷ್ಟು ವರ್ಷಗಳ ಮೇಲೆ ಅವು ಹಂಚಿಹೋಗುತ್ತವೆ. ಬೆಲೆ ಇದೇ ವೇಗದಲ್ಲಿ, ಅಂದರೆ ವರ್ಷಕ್ಕೆ ಶೇ. 10.3ರಂತೆ ಏರುತ್ತಿದ್ದು, ಮೂರೇ ವರ್ಷಕ್ಕೆ ಮಾರಿದ್ದರೆ ಕೈಗೆ ದಕ್ಕುವ ದರ ಶೇ. 6.1ರ ಆಸುಪಾಸಿಗೆ ಕುಸಿಯುತ್ತಿತ್ತು. ಇಪ್ಪತ್ತು ವರ್ಷ ಇಟ್ಟುಕೊಂಡಿದ್ದರೆ ಶೇ. 9.7ರ ಹತ್ತಿರ ನಿಲ್ಲುತ್ತಿತ್ತು. ಸೈಟನ್ನು ಬೇಗ ಬೇಗ ಕೈ ಬದಲಾಯಿಸಿ ಲಾಭ ಮಾಡಿದೆವು ಎನ್ನುವವರ ಮಾತನ್ನು ಕೇಳುವಾಗ ನೋಂದಣಿಯ ಖರ್ಚನ್ನು ಅವರು ಎಲ್ಲಿ ಸೇರಿಸಿದ್ದಾರೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಇನ್ನು ನಡುವಿನ ಹತ್ತು ವರ್ಷ. ಖಾಲಿ ಸೈಟಿನಿಂದ ಬಾಡಿಗೆ ಬರುವುದಿಲ್ಲ, ಆದರೆ ಖರ್ಚು ನಿಲ್ಲುವುದಿಲ್ಲ. ಮಹಾನಗರ ಪಾಲಿಕೆಗೆ ವರ್ಷವರ್ಷವೂ ಖಾಲಿ ನಿವೇಶನದ ಕಂದಾಯ ಕಟ್ಟಬೇಕು. ಮಳೆಗಾಲ ಕಳೆಯುತ್ತಿದ್ದಂತೆ ಜಾಲಿ ಮತ್ತು ಪಾರ್ಥೇನಿಯಂ ಎದೆಯೆತ್ತರಕ್ಕೆ ಬೆಳೆದು, ಅಕ್ಕಪಕ್ಕದ ಮನೆಯವರು ಹಾವಿನ ಭಯ ಹೇಳಿಕೊಂಡು ಫೋನ್ ಮಾಡುತ್ತಾರೆ. ಆಳು ಹಿಡಿದು ಅಥವಾ ಜೆಸಿಬಿ ತರಿಸಿ ಸ್ವಚ್ಛ ಮಾಡಿಸಬೇಕು. ಕಂದಾಯ ಮತ್ತು ಸ್ವಚ್ಛತೆ ಸೇರಿ ವರ್ಷಕ್ಕೆ 5,000 ಎಂದು ಹಿಡಿಯೋಣ. ಮೂರನೆಯ ವರ್ಷ, ಗಡಿ ಒತ್ತುವರಿಯಾಗದಿರಲೆಂದು ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿಸಿದ್ದಕ್ಕೆ 45,000. ಎರೆ ಮಣ್ಣಿನ ಜಾಗದಲ್ಲಿ ಈ ಕಂಬಗಳು ಒಂದೆರಡು ಮಳೆಗಾಲಕ್ಕೆ ವಾಲುವುದರಿಂದ ಮತ್ತೊಮ್ಮೆ ನಿಲ್ಲಿಸುವ ಖರ್ಚೂ ಕೆಲವರಿಗೆ ಬರುತ್ತದೆ; ನಮ್ಮ ಲೆಕ್ಕದಲ್ಲಿ ಅದನ್ನು ಬಿಟ್ಟಿದ್ದೇನೆ. ಆರನೆಯ ವರ್ಷ ಅಭಿವೃದ್ಧಿ ಶುಲ್ಕ ಮತ್ತು ಇ-ಖಾತೆಯ ಕೆಲಸಕ್ಕೆ 35,000. ಹತ್ತು ವರ್ಷದಲ್ಲಿ ಒಟ್ಟು 1,30,000.

ಈ 1,30,000ವನ್ನು ಎಲ್ಲಿ ಸೇರಿಸಬೇಕು ಎಂಬಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ಕೆಲವರು ಅದನ್ನು ಕೊಂಡ ಬೆಲೆಗೆ ಕೂಡಿಸಿ, 11,20,000 ಹೋಗಿ 23,50,000 ಬಂತು ಎಂದು ಲೆಕ್ಕ ಹಾಕುತ್ತಾರೆ. ಆಗ ದರ ಶೇ. 7.7. ಆದರೆ ಹೀಗೆ ಮಾಡಿದರೆ 2021ರಲ್ಲಿ ಕೊಟ್ಟ ಹಣವನ್ನೂ 2015ರಲ್ಲೇ ಕೊಟ್ಟಂತಾಗುತ್ತದೆ. ಆರು ವರ್ಷ ನಿಮ್ಮ ಬಳಿಯೇ ಇದ್ದ ಹಣ ಸೈಟಿನಲ್ಲಿ ದುಡಿಯುತ್ತಿತ್ತು ಎಂದು ಹೇಳಿದಂತಾಗಿ ದರ ನಿಜಕ್ಕಿಂತ ಕಡಿಮೆ ಬರುತ್ತದೆ. ಇನ್ನು ಕೆಲವರು ಅದೇ ಮೊತ್ತವನ್ನು ಮಾರಿದ ಹಣದಿಂದ ಕಳೆದು, 9,90,000 ಹೋಗಿ 22,20,000 ಬಂತು ಎನ್ನುತ್ತಾರೆ. ಆಗ ದರ ಶೇ. 8.4. ಇಲ್ಲಿ ತಪ್ಪು ಎದುರು ದಿಕ್ಕಿನದು: 2018ರಲ್ಲೇ ಬೇಲಿಗೆ ಹೋದ ಹಣ 2025ರವರೆಗೂ ಹೋಗಿರಲೇ ಇಲ್ಲ ಎಂದು ಭಾವಿಸಿದಂತಾಗುತ್ತದೆ. ನಿಜವಾದ ದರ ಈ ಎರಡರ ನಡುವೆ ಎಲ್ಲೋ ಇರಬೇಕು. ಹಳೆಯ ರಸೀದಿಗಳಲ್ಲಿ ದಿನಾಂಕ ಅಳಿಸಿಹೋಗಿ ಒಟ್ಟು ಮೊತ್ತ ಮಾತ್ರ ನೆನಪಿರುವವರಿಗೆ ಈ ಎರಡು ಮೇರೆಗಳೇ ಬಹಳ ಉಪಯುಕ್ತ, 7.7ಕ್ಕೂ 8.4ಕ್ಕೂ ನಡುವೆ ಎಂದು ಗೊತ್ತಾದರೆ ಬಹುಪಾಲು ನಿರ್ಧಾರಗಳಿಗೆ ಅಷ್ಟು ಸಾಕು.

ನಿಖರವಾದ ದರ ಬೇಕಿದ್ದರೆ ಪ್ರತಿಯೊಂದು ಮೊತ್ತವನ್ನೂ ಅದು ಹೋದ ಅಥವಾ ಬಂದ ದಿನಾಂಕದ ಮುಂದೆಯೇ ಇಡಬೇಕು. ಸಿಎಜಿಆರ್ ಸೂತ್ರಕ್ಕೆ ಆರಂಭ ಮತ್ತು ಕೊನೆ ಎಂಬ ಎರಡು ಬಿಂದುಗಳು ಮಾತ್ರ ಗೊತ್ತು. ನಡುವಿನ ಹಣವನ್ನು ಅದು ಹಿಡಿಯಲಾರದು. ಆ ಕೆಲಸಕ್ಕೆ ಶೀಟಿನಲ್ಲಿ XIRR ಎಂಬ ಸೂತ್ರವಿದೆ. ಹೋದ ಮತ್ತು ಬಂದ ಎಲ್ಲ ಮೊತ್ತಗಳನ್ನೂ ಒಂದೇ ದರದ ಚಕ್ರಬಡ್ಡಿಯಲ್ಲಿ ಹಿಂದಕ್ಕೆ ಎಳೆದು ಕೊಂಡ ದಿನದ ಬೆಲೆಗೆ ತಂದಾಗ, ಯಾವ ದರದಲ್ಲಿ ಹೋದದ್ದೂ ಬಂದದ್ದೂ ಸರಿಸಮವಾಗುತ್ತವೆಯೋ ಆ ದರವನ್ನು ಅದು ಹುಡುಕಿ ಕೊಡುತ್ತದೆ. ನಡುವೆ ಯಾವ ಹಣವೂ ಇಲ್ಲದಿದ್ದರೆ ಅದರ ಉತ್ತರವೂ ಸಿಎಜಿಆರ್ ಉತ್ತರವೂ ಒಂದೇ ಆಗಿರುತ್ತದೆ.

ಶೀಟಿನ A ಕಂಬದಲ್ಲಿ ಎರಡನೆಯ ಸಾಲಿನಿಂದ ದಿನಾಂಕ, ಪಕ್ಕದ B ಕಂಬದಲ್ಲಿ ಮೊತ್ತ ಬರೆಯಿರಿ. ಹೋದ ಹಣಕ್ಕೆ ಮೈನಸ್ ಚಿಹ್ನೆ ಹಾಕಬೇಕು. 2015ರ ಜೂನ್ 10ರ ಮುಂದೆ -990000. ಮುಂದಿನ ಜೂನ್‌ಗಳ ಮುಂದೆ -5000. ಬೇಲಿ ಹಾಕಿಸಿದ 2018ರ ಸಾಲಿನಲ್ಲಿ -50000, ಇ-ಖಾತೆಯ 2021ರ ಸಾಲಿನಲ್ಲಿ -40000. 2025ರ ಜೂನ್ 10ರ ಮುಂದೆ, ಆ ವರ್ಷದ 5,000 ಕಳೆದು, 2345000. ಒಟ್ಟು ಹನ್ನೊಂದು ಸಾಲು. ನಂತರ ಬೇರೊಂದು ಕೋಶದಲ್ಲಿ:

```
=XIRR(B2:B12, A2:A12)
```

ಉತ್ತರ ಸುಮಾರು ಶೇ. 8.1. ಶೇ. 16.7 ಎಂದು ಹೊರಟ ಸೈಟು ಇಲ್ಲಿಗೆ ಬಂದು ನಿಂತಿತು.

ಈ ಸೂತ್ರ ಕೆಡುವುದು ಎರಡು ಕಡೆ. ಮೈನಸ್ ಚಿಹ್ನೆ ಮರೆತು ಎಲ್ಲ ಮೊತ್ತಗಳೂ ಒಂದೇ ಬಗೆಯವಾದರೆ `#NUM!` ಎಂದು ಬರುತ್ತದೆ. ಅದು ಕಣ್ಣಿಗೆ ಬೀಳುವುದರಿಂದ ತೊಂದರೆಯಿಲ್ಲ. ಅಪಾಯವಿರುವುದು ದಿನಾಂಕದಲ್ಲಿ. ನಾವು 10-06-2015 ಎಂದು ಬರೆದಾಗ ಜೂನ್ 10 ಎಂಬ ಅರ್ಥದಲ್ಲಿ ಬರೆಯುತ್ತೇವೆ. ಶೀಟಿನ ಭಾಷಾ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ಅಕ್ಟೋಬರ್ 6 ಎಂದು ಓದಿಕೊಂಡು, ಯಾವ ಸೂಚನೆಯನ್ನೂ ಕೊಡದೆ ತಪ್ಪು ದರವನ್ನು ತೋರಿಸಬಹುದು. `=DATE(2015,6,10)` ಎಂದು ಬರೆದರೆ ಈ ಗೊಂದಲವೇ ಇರುವುದಿಲ್ಲ. ಬಂದ ಉತ್ತರ ಮೇಲಿನ ಎರಡು ಮೇರೆಗಳ ಹೊರಗೆ ಬಿದ್ದಿದ್ದರೆ ಎಲ್ಲೋ ಒಂದು ದಿನಾಂಕವೋ ಸೊನ್ನೆಯೋ ತಪ್ಪಿದೆ ಎಂದೇ ತಿಳಿಯಬೇಕು. ಈ ಪರೀಕ್ಷೆಗಾಗಿಯಾದರೂ ಮೇರೆಗಳನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದನ್ನು ನಾನು ಯಾವಾಗಲೂ ಹೇಳುತ್ತೇನೆ.

ಸಾಲ ಮಾಡಿ ಕೊಂಡವರಿಗೆ ಇನ್ನೊಂದು ತೊಡಕಿದೆ. ಅವರು ಸೈಟಿನ ಪೂರ್ತಿ ಬೆಲೆಯನ್ನು ಮೊದಲ ಸಾಲಿನಲ್ಲಿ ಬರೆದು, ಕೆಳಗೆ ತಿಂಗಳ ಕಂತುಗಳನ್ನೂ ಖರ್ಚೆಂದು ಬರೆಯುತ್ತಾರೆ. ಕಂತಿನೊಳಗೆ ಅಸಲೂ ಸೇರಿರುವುದರಿಂದ ಅದೇ ಹಣ ಎರಡು ಸಲ ಲೆಕ್ಕಕ್ಕೆ ಬಂದು, ಒಳ್ಳೆಯ ಸೈಟು ಕೂಡ ನಷ್ಟದ್ದಾಗಿ ಕಾಣುತ್ತದೆ. ಇಲ್ಲಿ ಪ್ರಶ್ನೆಗಳೇ ಎರಡು. ಸೈಟು ಎಷ್ಟು ಬೆಳೆಯಿತು ಎಂದು ಕೇಳಿದರೆ ಸಾಲವನ್ನು ಪೂರ್ತಿ ಮರೆತು ಮೇಲಿನಂತೆಯೇ ಲೆಕ್ಕ ಹಾಕಬೇಕು. ನನ್ನ ಕೈಯಿಂದ ಹಾಕಿದ ಹಣ ಎಷ್ಟು ಬೆಳೆಯಿತು ಎಂದು ಕೇಳಿದರೆ ಮೊದಲ ಸಾಲಿನಲ್ಲಿ ಸ್ವಂತ ಹಣವನ್ನಷ್ಟೇ ಬರೆದು, ಕಂತುಗಳನ್ನು ಅವುಗಳ ದಿನಾಂಕದಲ್ಲಿ ಬರೆದು, ಮಾರುವ ದಿನ ಸಾಲ ಬಾಕಿಯಿದ್ದರೆ ಬಂದ ಹಣದಿಂದ ಅದನ್ನು ಕಳೆಯಬೇಕು. ಸೈಟಿನ ದರ 8.1 ಇದ್ದು ಸಾಲದ ಬಡ್ಡಿ ಅದಕ್ಕಿಂತ ಹೆಚ್ಚಿದ್ದರೆ, ಎರಡನೆಯ ಉತ್ತರ ಮೊದಲನೆಯದಕ್ಕಿಂತ ಕಡಿಮೆಯೇ ಬರುತ್ತದೆ.

ತೆರಿಗೆಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ನಿವೇಶನವನ್ನು ಮಾರುವ ಭಾರತವಾಸಿ ವ್ಯಕ್ತಿಗೆ ದೀರ್ಘಾವಧಿ ಲಾಭದ ಮೇಲೆ ಎರಡು ಬಗೆಯ ಲೆಕ್ಕ ಮಾಡಿ, ಕಡಿಮೆ ಬಂದದ್ದನ್ನು ಕಟ್ಟುವ ಅವಕಾಶವಿದೆ: ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇ. 12.5, ಅಥವಾ ಹೊಂದಾಣಿಕೆಯೊಡನೆ ಶೇ. 20. ಕೊಂಡಾಗಿನ 9,90,000, ಬೇಲಿ ಮತ್ತು ಅಭಿವೃದ್ಧಿ ಶುಲ್ಕ, ಮಾರುವಾಗಿನ ವೆಚ್ಚ ಇವೆಲ್ಲಕ್ಕೂ ರಸೀದಿ ಇದ್ದು ಒಪ್ಪಿತವಾದರೆ, ನಮ್ಮ ಉದಾಹರಣೆಯಲ್ಲಿ ಶೇ. 4ರ ಸೆಸ್ ಸೇರಿ ಮೊದಲನೆಯದು ಸುಮಾರು 1,66,000, ಎರಡನೆಯದು ಸುಮಾರು 1,63,000. ವರ್ಷವರ್ಷದ ಕಂದಾಯ ಮತ್ತು ಕಳೆ ತೆಗೆಸಿದ ಖರ್ಚು ನಿಮ್ಮ ಲೆಕ್ಕದಲ್ಲಿ ಖರ್ಚೇ ಆದರೂ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ತೆರಿಗೆಯನ್ನೂ ಕಳೆದರೆ ಕೊನೆಯ ದರ ಶೇ. 7.3ರ ಹತ್ತಿರ. ಬಂದ ಹಣವನ್ನು ನಿಯಮದಂತೆ ವಾಸದ ಮನೆಗೆ ಹಾಕಿ ವಿನಾಯಿತಿ ಪಡೆದವರಿಗೆ ಈ ಇಳಿಕೆ ಇರುವುದಿಲ್ಲ.

ಈ 7.3ನ್ನು ಯಾವುದರ ಪಕ್ಕದಲ್ಲಿಡಬೇಕು? ತೆರಿಗೆಯಿಲ್ಲದ ಪಿಪಿಎಫ್ ಬಡ್ಡಿ 2015-16ರಲ್ಲಿ ಶೇ. 8.7 ಇತ್ತು, 2020ರ ಏಪ್ರಿಲ್‌ನಿಂದ ಶೇ. 7.1 ಇದೆ. ಅದರಲ್ಲಿ ವರ್ಷಕ್ಕೆ ಇಡಬಹುದಾದ ಮೊತ್ತಕ್ಕೆ ಮಿತಿ ಇರುವುದರಿಂದ ಒಂಬತ್ತು ಲಕ್ಷವನ್ನು ಒಮ್ಮೆಗೆ ಅಲ್ಲಿಡಲು ಆಗುತ್ತಿರಲಿಲ್ಲ ನಿಜ. ಅಳತೆಗೋಲಾಗಿ ಮಾತ್ರ ಅದನ್ನು ಹೇಳಿದೆ. ನಮ್ಮ ಸೈಟು ಕೆಟ್ಟ ಹೂಡಿಕೆಯೇನೂ ಆಗಲಿಲ್ಲ, ಆದರೆ ಠೇವಣಿಯ ಎರಡು ಪಟ್ಟು ದುಡಿಯಿತೆಂಬ ಮಾತು ನಿಲ್ಲುವುದಿಲ್ಲ.

ಇನ್ನೂ ಮಾರದ ಸೈಟಿಗೂ ಇದೇ ಲೆಕ್ಕ ಸಾಗುತ್ತದೆ, ಕೊನೆಯ ಸಾಲಿನಲ್ಲಿ ಬರೆಯುವ ಬೆಲೆ ಸರಿಯಿದ್ದರೆ ಮಾತ್ರ. ಪಕ್ಕದ ಸೈಟಿನವರು ಹೇಳುತ್ತಿರುವ ಬೆಲೆ ಬೇರೆ, ವ್ಯಾಪಾರ ಮುಗಿದ ಬೆಲೆ ಬೇರೆ. ಅದೇ ಬಡಾವಣೆಯಲ್ಲಿ, ಅದೇ ಅಗಲದ ರಸ್ತೆಗೆ, ಅದೇ ದಿಕ್ಕಿಗೆ ಮುಖ ಮಾಡಿದ ಸೈಟು ಇತ್ತೀಚೆಗೆ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿ, ಅದರಿಂದ ಕಮಿಷನ್ ಕಳೆದು ಬರೆಯಬೇಕು. ಮಾರ್ಗಸೂಚಿ ದರವನ್ನು ಬರೆದರೂ ತಪ್ಪೇ, ಏಕೆಂದರೆ ಅದು ಮುದ್ರಾಂಕಕ್ಕಾಗಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮೌಲ್ಯ.

ಮಾರಬೇಕೆಂದು ಹೊರಟು, ಬೆಲೆ ಕುದುರದೆ ಕಾಯುತ್ತಿರುವವರಿಗೆ ಹತ್ತು ವರ್ಷದ ಸರಾಸರಿ ದರಕ್ಕಿಂತ ಕಾಯುವ ಅವಧಿಯ ದರ ಹೆಚ್ಚು ಮುಖ್ಯ. ನಮ್ಮ ಉದಾಹರಣೆಯ ಮಾಲೀಕರಿಗೆ ಇಪ್ಪತ್ನಾಲ್ಕು ಲಕ್ಷಕ್ಕೆ ಗಿರಾಕಿ ಸಿಕ್ಕಿದ್ದರೂ, ಇಪ್ಪತ್ತಾರಕ್ಕೆ ಕಡಿಮೆ ಕೊಡೆನೆಂದು ಕುಳಿತು, ಹದಿನೆಂಟು ತಿಂಗಳ ನಂತರ ಆ ಇಪ್ಪತ್ತಾರು ಲಕ್ಷಕ್ಕೇ ಮಾರಿದರೆನ್ನಿ. ಕಮಿಷನ್, ಕಾಗದಪತ್ರ ಮತ್ತು ಇನ್ನೊಂದು ವರ್ಷದ ಕಂದಾಯ, ಸ್ವಚ್ಛತೆ ಕಳೆದು ಅವರಿಗೆ ಉಳಿಯುವುದು 25,41,000. ಅಂದು ಸಿಗುತ್ತಿದ್ದ 23,50,000 ಒಂದೂವರೆ ವರ್ಷದಲ್ಲಿ ಇಷ್ಟಾಯಿತು, ವರ್ಷಕ್ಕೆ ಶೇ. 5.3 ಚಿಲ್ಲರೆ. ಎರಡು ಲಕ್ಷ ಹೆಚ್ಚು ಗಳಿಸಿದ ಸಮಾಧಾನದಲ್ಲಿ ಈ ದರ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ಹತ್ತು ವರ್ಷಗಳ ಶೇ. 8.1ರ ವೇಗವನ್ನು ಈ ಹದಿನೆಂಟು ತಿಂಗಳಲ್ಲೂ ಉಳಿಸಿಕೊಳ್ಳಬೇಕಾಗಿದ್ದರೆ ಅವರು ಸುಮಾರು ಇಪ್ಪತ್ತೇಳು ಲಕ್ಷಕ್ಕೆ, ಅಂದರೆ ಚದರಡಿಗೆ 2,000 ಇದ್ದಲ್ಲಿ 2,250ಕ್ಕೆ ಮಾರಬೇಕಾಗಿತ್ತು.